ಹಳೇ ಫ್ರಂಟ್ ಲೋಡ್ ಮೆಷಿನ್ ಕೊಳ್ಳುವ ಮುಂಚೆ ಡ್ರಮ್ ಹಿಂದೆ ಏನಾಗಿದೆ ನೋಡಿ

ಪ್ರಶ್ನೆ: ಸರ್, ನಾವು ಕೆ.ಆರ್. ಪುರದ ಹತ್ತಿರ ಬಾಡಿಗೆ ಮನೆಯಲ್ಲಿದ್ದೇವೆ. ವೈಟ್‌ಫೀಲ್ಡ್‌ನಲ್ಲಿ ಒಬ್ಬರು ಊರು ಬಿಡುತ್ತಿದ್ದಾರೆ. ಆರು ವರ್ಷದ ಹಿಂದೆ ಕೊಂಡ 7 ಕೆಜಿ ಫ್ರಂಟ್ ಲೋಡ್ ಮೆಷಿನ್ 9,000ಕ್ಕೆ ಕೊಡುತ್ತಾರಂತೆ. ಎಂಟು ತಿಂಗಳಿಂದ ಬಳಸಿಲ್ಲ, ಮೋಟರ್‌ಗೆ ಹತ್ತು ವರ್ಷ ವಾರಂಟಿ ಇದೆ, ಇನ್ನೂ ನಾಲ್ಕು ವರ್ಷ ಚಿಂತೆ ಇಲ್ಲ ಅಂತಾರೆ. ಡ್ರಮ್ ತಿರುಗುವ ವಿಡಿಯೋ ಕಳಿಸಿದ್ದಾರೆ, ನೋಡೋಕೆ ಹೊಸದರ ಹಾಗೇ ಇದೆ. ನಮ್ಮ ಅತ್ತೆ ಮಾತ್ರ ‘ಹಳೇ ಮೆಷಿನ್ ಕರೆಂಟ್ ಹೊಡೆಯುತ್ತೆ, ಬೇಡ’ ಅಂತ ಹೇಳುತ್ತಿದ್ದಾರೆ. ದುಡ್ಡು ಕೊಡುವ ಮುಂಚೆ ನಾವೇ ಏನೇನು ನೋಡಬಹುದು?

ಉತ್ತರ: ಮೊದಲು ವಾರಂಟಿ ವಿಷಯ ಮುಗಿಸಿಬಿಡೋಣ. ಸ್ಟಿಕರ್ ಮೇಲೆ ‘10 ವರ್ಷ’ ಅಂತ ದೊಡ್ಡದಾಗಿ ಇರುತ್ತದೆ. ಅದು ಮೋಟರ್‌ಗೆ ಮಾತ್ರ ಅನ್ನುವುದು ಸಣ್ಣ ಅಕ್ಷರದಲ್ಲಿ ಇರುತ್ತದೆ. ಬೇರಿಂಗ್, ಬೋರ್ಡ್, ಬಾಗಿಲಿನ ರಬ್ಬರ್, ಪಂಪ್, ಹೀಟರ್ ಇವೆಲ್ಲ ಅದರೊಳಗೆ ಬರುವುದಿಲ್ಲ. ಅವುಗಳ ವಾರಂಟಿ ಆರು ವರ್ಷದ ಮೆಷಿನ್‌ಗೆ ಯಾವಾಗಲೋ ಮುಗಿದಿರುತ್ತದೆ. ನಾನು ರಿಪೇರಿಗೆ ಹೋಗುವ ಮನೆಗಳಲ್ಲಿ ಮೋಟರ್ ಸುಟ್ಟಿರುವುದು ತೀರಾ ಅಪರೂಪ. ಅಂದರೆ ಕೆಡದೇ ಇರುವ ಭಾಗಕ್ಕೆ ವಾರಂಟಿ ಇದೆ, ಕೆಡುವ ಭಾಗಕ್ಕೆ ಇಲ್ಲ. ಅದಕ್ಕೆ ಒಂದು ರೂಪಾಯಿಯನ್ನೂ ಜಾಸ್ತಿ ಕೊಡಬೇಡಿ. ಇರುವ ವಾರಂಟಿ ಕೂಡ ಎರಡನೇ ಮಾಲೀಕರಿಗೆ ನಡೆಯುತ್ತದೋ ಇಲ್ಲವೋ ಅಂತ ಬಿಲ್ ಇಟ್ಟುಕೊಂಡು ಕಂಪನಿಗೇ ಫೋನ್ ಮಾಡಿ ಕೇಳಿಕೊಳ್ಳಿ.

‘ಎಂಟು ತಿಂಗಳು ಬಳಸಿಲ್ಲ’ ಅನ್ನುವುದನ್ನು ಮಾರುವವರು ಒಳ್ಳೇ ಗುಣದ ಹಾಗೆ ಹೇಳುತ್ತಾರೆ. ನನಗೆ ಅದೇ ಅನುಮಾನದ ಜಾಗ. ದಿನಾ ಓಡುವ ಮೆಷಿನ್‌ನ ರಬ್ಬರ್ ಸೀಲ್ ಒದ್ದೆಯಾಗಿ, ಮೆತ್ತಗೆ ಇರುತ್ತದೆ. ಸುಮ್ಮನೆ ನಿಂತ ಮೆಷಿನ್‌ನಲ್ಲಿ ಸೀಲ್ ಒಣಗಿ ಬಿಗಿಯಾಗುತ್ತದೆ. ಬೇರಿಂಗ್‌ಗೆ ಮೊದಲೇ ಸ್ವಲ್ಪ ನೀರು ಹೋಗಿದ್ದರೆ ತಿರುಗದೇ ನಿಂತ ಕಡೆಯೇ ತುಕ್ಕು ಕಚ್ಚಿಕೊಳ್ಳುತ್ತದೆ. ಪಂಪ್‌ನಲ್ಲಿ ಉಳಿದ ನೀರು ಪಾಚಿಗಟ್ಟುತ್ತದೆ. ಇಲಿಗಳಿಗಂತೂ ಓಡದ ಮೆಷಿನ್‌ನಷ್ಟು ಒಳ್ಳೇ ಮನೆ ಇನ್ನೊಂದಿಲ್ಲ. ಹಾಗಂತ ಬಿಟ್ಟುಬಿಡಿ ಅಂತ ಹೇಳುತ್ತಿಲ್ಲ. ಇನ್ನಷ್ಟು ಹುಷಾರಾಗಿ ನೋಡಿ, ಅಷ್ಟೇ.

ವಿಡಿಯೋ ಯಾವ ಲೆಕ್ಕಕ್ಕೂ ಇಲ್ಲ. ಖಾಲಿ ಡ್ರಮ್ ನಿಧಾನಕ್ಕೆ ತಿರುಗುವಾಗ ಸತ್ತುಹೋಗುತ್ತಿರುವ ಬೇರಿಂಗ್ ಕೂಡ ಸುಮ್ಮನೆ ಇರುತ್ತದೆ. ಫೋನಿನ ಮೈಕ್‌ಗೆ ಆ ಗುಡುಗುಡು ಸದ್ದು ಸರಿಯಾಗಿ ಸಿಗುವುದೂ ಇಲ್ಲ.

ಫ್ರಂಟ್ ಲೋಡ್ ಎಲ್ಲಿ ಸಾಯುತ್ತದೆ

ಇದೊಂದು ಗೊತ್ತಾದರೆ ಉಳಿದದ್ದೆಲ್ಲ ಸುಲಭ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನೀವು ಬಟ್ಟೆ ಹಾಕುವ ಸ್ಟೀಲ್ ಡ್ರಮ್ ಒಂದು ಪ್ಲಾಸ್ಟಿಕ್ ಟಬ್‌ನ ಒಳಗೆ ಇದೆ. ನೀರು ನಿಲ್ಲುವುದು ಟಬ್‌ನಲ್ಲಿ, ತಿರುಗುವುದು ಡ್ರಮ್. ಬಾಗಿಲ ಕಡೆ ಡ್ರಮ್‌ಗೆ ಯಾವ ಆಸರೆಯೂ ಇಲ್ಲ. ಬಟ್ಟೆಯ ಭಾರವೆಲ್ಲ ಹಿಂದುಗಡೆ ಇರುವ ಒಂದೇ ಶಾಫ್ಟ್ ಮೇಲೆ ಬೀಳುತ್ತದೆ. ಆ ಶಾಫ್ಟ್‌ನ ಬುಡದಲ್ಲಿ ಮೂರು ಕಾಲಿನ ಅಲ್ಯೂಮಿನಿಯಂ ಎರಕದ ತುಂಡೊಂದಿದೆ. ಡ್ರಮ್‌ನ ಬೆನ್ನಿಗೆ ಅದನ್ನು ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ನಾವು ಅದಕ್ಕೆ ಸ್ಪೈಡರ್ ಅನ್ನುತ್ತೇವೆ. ಶಾಫ್ಟ್ ಟಬ್‌ನ ಹಿಂಬದಿಯಿಂದ ಹೊರಗೆ ಬರುವ ಕಡೆ ಎರಡು ಬೇರಿಂಗ್, ಅವುಗಳ ಮುಂದೆ ನೀರು ತಡೆಯೋಕೆ ಒಂದು ಆಯಿಲ್ ಸೀಲ್.

ಈ ಸೀಲ್ ಕೈಯಲ್ಲಿ ಹಿಡಿದರೆ ಒಂದು ರಬ್ಬರ್ ಬಳೆ, ಅಷ್ಟೇ. ಅದರ ತುಟಿ ಸವೆದ ದಿನ ಸೋಪಿನ ನೀರು ಬೇರಿಂಗ್‌ಗೆ ಇಳಿಯೋಕೆ ಶುರುವಾಗುತ್ತದೆ. ಗ್ರೀಸ್ ತೊಳೆದು ಹೋಗುತ್ತದೆ, ಗುಂಡುಗಳು ತುಕ್ಕು ಹಿಡಿಯುತ್ತವೆ, ಆಮೇಲೆ ಸದ್ದು. ಸದ್ದು ಬಂದ ಮೇಲೂ ಕೆಲವು ತಿಂಗಳು ಮೆಷಿನ್ ಓಡುತ್ತದೆ. ಮಾರೋಕೆ ಮನಸ್ಸಾಗುವುದು ಎಷ್ಟೋ ಸಲ ಆ ತಿಂಗಳುಗಳಲ್ಲೇ.

ಸ್ಪೈಡರ್‌ನ ಕಥೆ ಬೇರೆ. ಸ್ಟೀಲ್ ಡ್ರಮ್‌ಗೆ ಅಲ್ಯೂಮಿನಿಯಂ ಅಂಟಿಕೊಂಡು, ಎರಡೂ ಸೋಪಿನ ನೀರಲ್ಲಿ ನೆಂದರೆ ಅಲ್ಯೂಮಿನಿಯಂ ಸವೆಯುತ್ತದೆ. ಎರಡು ಬೇರೆ ಬೇರೆ ಲೋಹ ಒದ್ದೆಯಲ್ಲಿ ಸೇರಿದರೆ ಆಗುವುದೇ ಹೀಗೆ. ಯಾವಾಗಲೂ ತಣ್ಣೀರಿನ ಪ್ರೋಗ್ರಾಂ, ಸೋಪು ಒಂದು ಚಮಚ ಜಾಸ್ತಿ, ಮುಗಿದ ಕೂಡಲೇ ಬಾಗಿಲು ಗಟ್ಟಿಯಾಗಿ ಮುಚ್ಚಿಬಿಡುವುದು ಅಭ್ಯಾಸವಾಗಿದ್ದರೆ ಡ್ರಮ್ ಹಿಂದೆ ಬೂದು ಬಣ್ಣದ ಲೋಳೆ ಕಟ್ಟಿ, ಅದರ ಅಡಿಯಲ್ಲಿ ಲೋಹ ಪುಡಿಪುಡಿಯಾಗುತ್ತದೆ. ಬಿಚ್ಚಿದಾಗ ಸ್ಪೈಡರ್‌ನ ಕಾಲು ಕೈಯಲ್ಲೇ ಮುರಿದು ಬಂದದ್ದನ್ನು ನೋಡಿದ್ದೇನೆ. ಹೊರಗಡೆ ಬಾಡಿ ಮಾತ್ರ ಫಳಫಳ.

ವೈಟ್‌ಫೀಲ್ಡ್ ಅಂದಿರಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಶುರುವಾಗಿದ್ದು 2024ರ ಅಕ್ಟೋಬರ್‌ನಲ್ಲಿ. ಅದಕ್ಕೂ ಮುಂಚೆ ಆ ಕಡೆಯ ಬಹಳಷ್ಟು ಅಪಾರ್ಟ್‌ಮೆಂಟ್‌ಗಳು ನಡೆದಿದ್ದು ಬೋರ್‌ವೆಲ್ ಮತ್ತು ಟ್ಯಾಂಕರ್ ನೀರಲ್ಲಿ. ಆರು ವರ್ಷದ ಮೆಷಿನ್ ಅಂದರೆ ಅದರಲ್ಲಿ ಒಂದಷ್ಟು ವರ್ಷ ಗಡಸು ನೀರನ್ನೇ ಕುಡಿದಿರಬಹುದು. ಅಪಾರ್ಟ್‌ಮೆಂಟ್‌ನಲ್ಲಿ ಸಾಫ್ಟ್‌ನರ್ ಇತ್ತಾ ಅಂತ ಕೇಳಿ. ‘ಇತ್ತು’ ಅಂದರೂ ಬಾತ್‌ರೂಮಿನ ನಲ್ಲಿ ಒಮ್ಮೆ ನೋಡಿ. ನಲ್ಲಿಯ ತುದಿಗೆ ಬಿಳಿ ಉಪ್ಪು ದಪ್ಪಗೆ ಕಟ್ಟಿದ್ದರೆ ಮೆಷಿನ್‌ನ ಹೀಟರ್ ಮೇಲೂ ಅದೇ ಕಟ್ಟಿರುತ್ತದೆ.

ಕರೆಂಟ್ ಹಾಕುವ ಮುಂಚೆ ನೋಡುವುದು

ಹೋಗುವ ಮುಂಚೆ ಫೋನ್ ಮಾಡಿ ಒಂದು ಮಾತು ಹೇಳಿ: ‘ನಾವು ಬರುವವರೆಗೆ ಮೆಷಿನ್ ಆನ್ ಮಾಡಬೇಡಿ, ನೀರಿನ ಪೈಪು, ಕರೆಂಟ್ ಎರಡೂ ಇರಲಿ.’ ಈಗಾಗಲೇ ಬಿಚ್ಚಿ ಬಾಲ್ಕನಿಗೆ ಸರಿಸಿಟ್ಟಿದ್ದಾರೆ, ಓಡಿಸಿ ತೋರಿಸೋಕೆ ಆಗಲ್ಲ ಅಂದರೆ ಹೋಗುವುದೇ ಬೇಡ. ಒಂದು ಟಾರ್ಚ್, ಎರಡು ದೊಡ್ಡ ಟರ್ಕಿ ಟವೆಲ್, ಸ್ಕ್ರೂಡ್ರೈವರ್, ಹಳೇ ಬಟ್ಟೆ ಒಂದು ತುಂಡು ತಗೊಂಡು ಹೋಗಿ. ಒಂದೂವರೆ ಗಂಟೆ ಬಿಡುವು ಮಾಡಿಕೊಳ್ಳಿ.

ಪ್ಲಗ್ ತೆಗೆದಿರಲಿ. ಬಾಗಿಲು ತೆಗೆದು ಡ್ರಮ್‌ನ ಮೇಲಿನ ಅಂಚನ್ನು ಒಳಗಿಂದ ಹಿಡಿದು ಮೇಲಕ್ಕೆ ಎತ್ತಿ, ಕೆಳಗೆ ಬಿಡಿ. ಇಲ್ಲಿ ಎಲ್ಲರೂ ಗೊಂದಲ ಮಾಡಿಕೊಳ್ಳುತ್ತಾರೆ. ಟಬ್ ಸ್ಪ್ರಿಂಗ್‌ನಲ್ಲಿ ನೇತಾಡುತ್ತಿರುತ್ತದೆ, ಹಾಗಾಗಿ ಡ್ರಮ್, ಟಬ್ ಎರಡೂ ಒಟ್ಟಿಗೆ ಅಲ್ಲಾಡುವುದು ಸಹಜ. ನೀವು ನೋಡಬೇಕಾದದ್ದು ಟಬ್ ಬಿಟ್ಟು ಡ್ರಮ್ ಒಂದೇ ಅಲ್ಲಾಡುತ್ತದಾ ಅಂತ. ಒಂದು ಕೈಯಲ್ಲಿ ಡ್ರಮ್ ಎತ್ತುತ್ತಾ ಇನ್ನೊಂದು ಕೈಯ ಹೆಬ್ಬೆರಳನ್ನು ಡ್ರಮ್‌ನ ತುಟಿಗೂ ರಬ್ಬರ್‌ಗೂ ನಡುವಿನ ಸಂದಿಯಲ್ಲಿ ಇಡಿ. ಸಂದಿ ದೊಡ್ಡದು ಚಿಕ್ಕದು ಆಗುತ್ತಿದ್ದರೆ, ಹಿಂದಿನಿಂದ ‘ಟಕ್ ಟಕ್’ ಅಂತ ಕೈಗೆ ತಾಗಿದರೆ ಬೇರಿಂಗ್ ಹೋಗಿದೆ. ಸಂದಿ ಹಾಗೇ ಇದ್ದರೆ ಮುಂದಕ್ಕೆ ಹೋಗಿ.

ಈಗ ಡ್ರಮ್ ಅನ್ನು ಕೈಯಲ್ಲೇ ನಿಧಾನಕ್ಕೆ ತಿರುಗಿಸಿ. ಕಿವಿಗಿಂತ ಕೈಗೇ ಜಾಸ್ತಿ ಗೊತ್ತಾಗುತ್ತದೆ. ಮರಳಿನ ಮೇಲೆ ಉಜ್ಜಿದಂಥ ಒರಟುತನ ಇದ್ದರೆ ಕೆಟ್ಟದ್ದು. ಬೆಲ್ಟ್ ಇಲ್ಲದ ಡೈರೆಕ್ಟ್ ಡ್ರೈವ್ ಮೆಷಿನ್‌ನಲ್ಲಿ ಮಾತ್ರ ಮೆಲ್ಲಗೆ ಮೆಟ್ಟಿಲು ಇಳಿದ ಹಾಗೆ ತಡೆತಡೆದು ತಿರುಗುತ್ತದೆ. ಅದು ಮೋಟರ್‌ನ ಅಯಸ್ಕಾಂತ ಎಳೆಯುವುದು, ದೋಷ ಅಲ್ಲ. ತಿರುಗಿಸುವಾಗಲೇ ಡ್ರಮ್‌ಗೂ ರಬ್ಬರ್‌ಗೂ ನಡುವಿನ ಸಂದಿಯ ಒಂದೇ ಜಾಗವನ್ನು ದಿಟ್ಟಿಸಿ ನೋಡಿ. ಡ್ರಮ್ ಒಂದು ಸುತ್ತು ಬರುವಾಗ ಸಂದಿ ಹಿಗ್ಗಿ ಕುಗ್ಗಿದರೆ, ಅಥವಾ ಪ್ರತಿ ಸುತ್ತಿಗೆ ಒಂದು ಸಲ ‘ಕಟ್’ ಅಂದರೆ ಸ್ಪೈಡರ್ ಬಿರುಕು ಬಿಟ್ಟಿದೆ ಅಂತ ತಿಳಿಯಿರಿ. ಅಂಥದ್ದನ್ನು ಅರ್ಧ ಬೆಲೆಗೂ ತಗೋಬೇಡಿ. ಪೂರ್ತಿ ಮುರಿದರೆ ಡ್ರಮ್ ಸ್ಪಿನ್‌ನಲ್ಲಿ ಟಬ್‌ಗೆ ಬಡಿದು ಟಬ್ಬೂ ಒಡೆಯುತ್ತದೆ.

ಆಮೇಲೆ ಮೆಷಿನ್‌ನ ಬೆನ್ನು. ಗೋಡೆಯಿಂದ ಎಳೆದು ಹಿಂದಿನ ಮುಚ್ಚಳ ಬಿಚ್ಚೋಕೆ ಮಾಲೀಕರ ಒಪ್ಪಿಗೆ ಕೇಳಿ. ನಾಲ್ಕಾರು ಸ್ಕ್ರೂ ಅಷ್ಟೇ. ಟಾರ್ಚ್ ಬಿಟ್ಟು ಟಬ್‌ನ ನಡುಮಧ್ಯ, ಶಾಫ್ಟ್‌ನ ಕೆಳಗಡೆ ನೋಡಿ. ಅಲ್ಲಿಂದ ಕೆಳಕ್ಕೆ ಕಂದು ಬಣ್ಣದ ಗೆರೆ ಇಳಿದಿದ್ದರೆ ಅದು ಬೇರಿಂಗ್‌ನಿಂದ ಸೋರಿದ ತುಕ್ಕಿನ ನೀರು. ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಯಾರಾದರೂ ಒರೆಸಿದ್ದರೂ ಟಬ್‌ನ ಏಣುಗಳ ಸಂದಿಯಲ್ಲಿ ಬಣ್ಣ ಉಳಿದಿರುತ್ತದೆ, ಬಟ್ಟೆ ಒದ್ದೆ ಮಾಡಿ ಬೆರಳಿಗೆ ಸುತ್ತಿ ಉಜ್ಜಿ ನೋಡಿ. ಮುಚ್ಚಳ ತೆಗೆದಾಗಲೇ ಇಲಿ ಕಡಿದ ವೈರು, ಟೇಪು ಸುತ್ತಿದ ಜೋಡಣೆ, ಕರಿಕಾಳಿನಂಥ ಹಿಕ್ಕೆ ಇದೆಯಾ ಅನ್ನುವುದೂ ಕಾಣುತ್ತದೆ.

ಬೆನ್ನಿನ ಕಡೆಯಿಂದಲೇ ಇನ್ನೊಂದು ನೋಡಿಕೊಳ್ಳಿ. ಟಬ್‌ನ ಎರಡು ಅರ್ಧಗಳು ಸೇರುವ ಗೆರೆಯಲ್ಲಿ ಸುತ್ತಲೂ ಸ್ಕ್ರೂ ಇದ್ದರೆ ಟಬ್ ಬಿಚ್ಚಬಹುದು, ಬೇರಿಂಗ್ ಮತ್ತು ಸೀಲ್ ಮಾತ್ರ ಬದಲಿಸಬಹುದು. ಸ್ಕ್ರೂ ಇಲ್ಲದೆ ಪ್ಲಾಸ್ಟಿಕ್ ಕರಗಿಸಿ ಬೆಸೆದಿದ್ದರೆ ಬೇರಿಂಗ್ ಹೋದ ದಿನ ಇಡೀ ಟಬ್ ಸೆಟ್ ಹಾಕಬೇಕು. ಕತ್ತರಿಸಿ, ಬೇರಿಂಗ್ ಹಾಕಿ, ಮತ್ತೆ ಅಂಟಿಸಿ ಕೊಡುವ ಮೆಕ್ಯಾನಿಕ್‌ಗಳೂ ಇದ್ದಾರೆ. ನಾನು ಮಾಡುವುದಿಲ್ಲ. ಸಾವಿರ ಸುತ್ತಿನ ಸ್ಪಿನ್‌ನಲ್ಲಿ ಆ ಅಂಟಿನ ಮೇಲೆ ನನಗೆ ನಂಬಿಕೆ ಇಲ್ಲ.

ಉಳಿದದ್ದು ಬೇಗ ಮುಗಿಯುತ್ತದೆ. ಟಬ್ ಅನ್ನು ಬಾಗಿಲ ಕಡೆಯಿಂದ ಕೆಳಗೆ ಒತ್ತಿ ಬಿಡಿ. ಒಂದು ಸಲ ಎದ್ದು ನಿಂತರೆ ಶಾಕ್ ಅಬ್ಸಾರ್ಬರ್ ಸರಿ ಇದೆ, ತೊಟ್ಟಿಲಿನ ಹಾಗೆ ತೂಗಾಡಿದರೆ ಸವೆದಿದೆ. ಬಾಗಿಲಿನ ರಬ್ಬರ್‌ನ ಮಡಿಕೆಯನ್ನು ಪೂರ್ತಿ ಬಿಡಿಸಿ, ಮುಖ್ಯವಾಗಿ ಕೆಳಭಾಗದಲ್ಲಿ ನೋಡಿ. ಕಪ್ಪು ಚುಕ್ಕೆ ಬರೀ ಬೂಸ್ಟು, ಅಸಹ್ಯ ಅನ್ನಿಸಿದರೂ ಅಪಾಯ ಇಲ್ಲ. ಸೀಳು, ಅಂಟು ಹಾಕಿದ ಗುರುತು ಇದ್ದರೆ ರಬ್ಬರ್ ಬದಲಿಸಬೇಕು. ಮುಂದೆ ಕೆಳಗಿನ ಪುಟ್ಟ ಬಾಗಿಲ ಹಿಂದೆ ಡ್ರೈನ್ ಫಿಲ್ಟರ್ ಇದೆ. ಬಟ್ಟೆ ಹಾಸಿಕೊಂಡು, ಅಲ್ಲಿ ಸಣ್ಣ ಪೈಪು ಇದ್ದರೆ ಅದರಿಂದ ಮೊದಲು ನೀರು ಬಸಿದು, ತಿರುಗಿಸಿ ತೆಗೆಯಿರಿ. ಅದು ಕಲ್ಲಿನ ಹಾಗೆ ಕಚ್ಚಿಕೊಂಡಿದ್ದರೆ ಆರು ವರ್ಷದಲ್ಲಿ ಯಾರೂ ಅದನ್ನು ತೆಗೆದೇ ಇಲ್ಲ ಅಂತ ಅರ್ಥ. ಮೆಷಿನ್ ನೋಡಿಕೊಂಡ ರೀತಿ ಅಲ್ಲೇ ಗೊತ್ತಾಗುತ್ತದೆ.

ಓಡಿಸಿ ನೋಡುವುದು

ಮಾರುವವರು ‘15 ನಿಮಿಷದ ಕ್ವಿಕ್ ವಾಶ್ ಹಾಕಿ ತೋರಿಸ್ತೀನಿ’ ಅಂತಾರೆ. ಬೇಡ ಅನ್ನಿ. ಅದರಲ್ಲಿ ನೀರು ಸರಿಯಾಗಿ ಕಾಯುವುದೂ ಇಲ್ಲ, ಖಾಲಿ ಡ್ರಮ್ ಅಂದರೆ ಬೇರಿಂಗ್ ಮೇಲೆ ಭಾರವೂ ಬೀಳುವುದಿಲ್ಲ. ನೀವು ತಂದ ಎರಡು ಟವೆಲ್ ಹಾಕಿ, ಕಾಟನ್ 60 ಡಿಗ್ರಿ ಇಟ್ಟು ಶುರು ಮಾಡಿ. ಸೋಪು ಬೇಡ.

ಮೊದಲು ನೀರು ತುಂಬುವಾಗ ಕೆಳಗೆ ನೆಲ ನೋಡುತ್ತಿರಿ. ತುಂಬಿದ ಮೇಲೆ ಹೀಟರ್ ಶುರುವಾಗುತ್ತದೆ. ಇದರ ಲೆಕ್ಕ ಸುಲಭ. ಇಂಥ ಮೆಷಿನ್‌ನ ಹೀಟರ್ ಸುಮಾರು 2,000 ವ್ಯಾಟ್. ಹತ್ತು ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ತರೋಕೆ ಅದಕ್ಕೆ ಹನ್ನೆರಡು ನಿಮಿಷದ ಮೇಲೆ ಬೇಕು. ಟವೆಲ್, ಸ್ಟೀಲ್ ಎಲ್ಲ ಬಿಸಿಯಾಗಬೇಕು, ಮಧ್ಯೆ ಹೀಟರ್ ಆಗಾಗ ನಿಲ್ಲುತ್ತದೆ, ಹಾಗಾಗಿ ಇಪ್ಪತ್ತೈದು ಮೂವತ್ತು ನಿಮಿಷ ಕೊಡಿ. ಆಗ ಬಾಗಿಲಿನ ಗಾಜು ಮುಟ್ಟಿದರೆ ಚೆನ್ನಾಗಿ ಬಿಸಿ ಇರಬೇಕು. ತಣ್ಣಗೇ ಇದ್ದರೆ ಹೀಟರ್, ಅದರ ಸೆನ್ಸರ್ ಅಥವಾ ಬೋರ್ಡ್ ಮೇಲಿನ ರಿಲೇ ಕೆಟ್ಟಿದೆ. ಹೀಟರ್ ಆದರೆ ಸಣ್ಣ ಖರ್ಚು, ಬೋರ್ಡ್ ಆದರೆ ದೊಡ್ಡದು. ಯಾವುದು ಅಂತ ಅಲ್ಲಿ ನಿಂತು ಹೇಳೋಕೆ ಆಗಲ್ಲ, ಹಾಗಾಗಿ ಬೆಲೆ ಮಾತಾಡುವಾಗ ಬೋರ್ಡ್ ಅಂತಲೇ ಲೆಕ್ಕ ಹಾಕಿ.

ಗಾಜು ಬಿಸಿಯಾಗಿದ್ದರೆ ಆ ಪ್ರೋಗ್ರಾಂ ನಿಲ್ಲಿಸಿ. ನೀರು ಹೊರಗೆ ಹೋಗಿ, ಬಾಗಿಲು ತೆರೆಯೋಕೆ ಬಿಡುವವರೆಗೆ ಕಾಯಿರಿ. ಬಿಸಿ ನೀರು ಇದ್ದಾಗ ಎಳೆಯಬೇಡಿ. ಆಮೇಲೆ ಸ್ಪಿನ್ ಮಾತ್ರ, ಇರುವುದರಲ್ಲೇ ಜಾಸ್ತಿ ವೇಗಕ್ಕೆ ಇಡಿ. ಟವೆಲ್ ಮುದ್ದೆಯಾಗಿದ್ದರೆ ಮೆಷಿನ್ ನಾಲ್ಕೈದು ಸಲ ಅತ್ತಿತ್ತ ತಿರುಗಿಸಿ ಹರಡಿಕೊಳ್ಳುತ್ತದೆ. ಅದು ಒಳ್ಳೇದೇ, ಬುದ್ಧಿ ಇದೆ ಅಂತ ಅರ್ಥ. ಹತ್ತು ನಿಮಿಷವಾದರೂ ವೇಗಕ್ಕೆ ಹೋಗದಿದ್ದರೆ, ಪರದೆಯ ಮೇಲೆ UE ಅಂತ ಬಂದರೆ (ಎಲ್‌ಜಿ ಮೆಷಿನ್‌ನಲ್ಲಿ ಭಾರ ಸಮ ಇಲ್ಲ ಅನ್ನೋಕೆ ಹಾಗೆ ತೋರಿಸುತ್ತದೆ) ಟವೆಲ್ ಬಿಡಿಸಿ ಹಾಕಿ ಇನ್ನೊಮ್ಮೆ ನೋಡಿ. ಮತ್ತೂ ಅದೇ ಬಂದರೆ ಶಾಕ್ ಅಬ್ಸಾರ್ಬರ್ ಮೇಲೆ ಅನುಮಾನ ಪಡಿ.

ಪೂರ್ತಿ ವೇಗದಲ್ಲಿ ಎಲ್ಲ ಮೆಷಿನ್ನೂ ಸದ್ದು ಮಾಡುತ್ತದೆ, ಅದರಲ್ಲಿ ಬೇರಿಂಗ್ ಯಾವುದು ಮೋಟರ್ ಯಾವುದು ಅಂತ ಹೊಸಬರಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಒಂದು ಉಪಾಯ ಇದೆ. ಸ್ಪಿನ್ ಮುಗಿದು ಮೋಟರ್ ಕೈಬಿಟ್ಟ ಮೇಲೆ ಡ್ರಮ್ ತನ್ನ ಪಾಡಿಗೆ ಇಳಿಯುತ್ತಾ ಬರುತ್ತದೆ. ಕಿವಿ ಕೊಡಬೇಕಾದದ್ದು ಆ ಹೊತ್ತಿಗೆ. ಮೋಟರ್‌ನ ಕುಯ್ಯೋ ಸದ್ದು ನಿಂತಿರುತ್ತದೆ. ಆಗ ‘ಶ್’ ಅಂತ ಗಾಳಿಯ ಸದ್ದಷ್ಟೇ ಇದ್ದರೆ ಬೇರಿಂಗ್ ಆರೋಗ್ಯವಾಗಿದೆ. ಡ್ರಮ್ ನಿಲ್ಲುವವರೆಗೂ ಗೊರಗೊರ ಅಂತ ಒಳಗೆ ಏನೋ ಉರುಳುತ್ತಿದ್ದರೆ ಅದು ಬೇರಿಂಗ್. ಕೆಲವು ಮಾಡೆಲ್‌ಗಳು ಬ್ರೇಕ್ ಹಾಕಿ ಬೇಗ ನಿಲ್ಲಿಸುತ್ತವೆ, ಹಾಗಿದ್ದರೆ ಎರಡು ಸಲ ಓಡಿಸಿ ಕೇಳಿ.

ಕೊನೆಗೆ ಟವೆಲ್ ತೆಗೆದು ಹಿಂಡಿ ನೋಡಿ. ನೀರು ತೊಟ್ಟಿಕ್ಕಿದರೆ ಸ್ಪಿನ್ ವೇಗ ಮುಟ್ಟಿಲ್ಲ ಅಥವಾ ನೀರು ಪೂರ್ತಿ ಹೊರಗೆ ಹೋಗುತ್ತಿಲ್ಲ. ಟವೆಲ್ ಮೇಲೆ ಬೂದು ಬಣ್ಣದ ಕಲೆ, ಕಪ್ಪು ಹರಳು ಅಂಟಿದ್ದರೆ ಡ್ರಮ್ ಹಿಂದಿನ ಲೋಳೆ ಎದ್ದು ಬರುತ್ತಿದೆ. ಅದು ಇದ್ದ ಮಾತ್ರಕ್ಕೆ ಬೇಡ ಅನ್ನಬೇಕಿಲ್ಲ. ಆದರೆ ಸ್ಪೈಡರ್‌ನ ಸಂದಿ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.

ಅತ್ತೆಯವರ ಭಯ ಸುಳ್ಳಲ್ಲ

ಮೆಷಿನ್ ಮುಟ್ಟಿದರೆ ಜುಮ್ಮೆನ್ನುವುದಕ್ಕೆ ಎರಡು ಕಾರಣ. ಎರಡನ್ನೂ ಬೇರೆ ಬೇರೆ ಮಾಡಿ ನೋಡಬೇಕು.

ಒಂದು, ಮನೆಯ ಅರ್ತಿಂಗ್. ಮೆಷಿನ್ ಒಳಗೆ ಕರೆಂಟ್‌ನ ಗಲಾಟೆ ಸೋಸುವ ಒಂದು ಫಿಲ್ಟರ್ ಇರುತ್ತದೆ. ಅದರಿಂದ ತೀರಾ ಸಣ್ಣ ಪ್ರಮಾಣದ ಕರೆಂಟ್ ಅರ್ತ್ ವೈರಿಗೆ ಹೋಗುತ್ತಲೇ ಇರುತ್ತದೆ. ಅರ್ತ್ ಸರಿ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಪ್ಲಗ್‌ನ ಮೂರನೇ ತೂತಿಗೆ ಅರ್ತ್ ವೈರೇ ಬಂದಿಲ್ಲದ ಮನೆಗಳಲ್ಲಿ ಆ ಕರೆಂಟ್ ಬಾಡಿಯಲ್ಲೇ ಕೂತಿರುತ್ತದೆ, ಒದ್ದೆ ಕೈ ಇಟ್ಟರೆ ಜುಮ್ ಅನ್ನುತ್ತದೆ. ಅಂಥ ಮನೆಯಲ್ಲಿ ಹೊಚ್ಚ ಹೊಸ ಮೆಷಿನ್ ಇಟ್ಟರೂ ಹೀಗೇ ಆಗುತ್ತದೆ. ಟೆಸ್ಟರ್ ಇಟ್ಟು ಬಲ್ಬ್ ಉರಿಯಿತು ಅಂತ ಮೆಷಿನ್ ಕೆಟ್ಟಿದೆ ಅಂತ ತೀರ್ಮಾನಿಸೋಕೆ ಆಗಲ್ಲ ಅನ್ನುವುದು ಇದಕ್ಕೇ.

ಎರಡು, ನಿಜವಾದ ದೋಷ. ಉಪ್ಪು ಕಟ್ಟಿದ ಹೀಟರ್ ಮಿತಿಮೀರಿ ಕಾದು, ಅದರ ಹೊರಗಿನ ಲೋಹದ ಕವಚ ಬಿರುಕು ಬಿಟ್ಟು, ಕರೆಂಟ್ ನೀರಿಗೆ ಇಳಿಯುವುದು. ಮಾರುವವರ ಮನೆಯಲ್ಲಿ ಅರ್ತ್ ಸರಿ ಇದ್ದು, ಕರೆಂಟ್ ಸೋರಿದ ಕೂಡಲೇ ತಾನೇ ಆಫ್ ಆಗುವ ಆರ್‌ಸಿಸಿಬಿ ಸ್ವಿಚ್ ಇದ್ದರೆ ಇದು ತಾನಾಗಿಯೇ ಸಿಕ್ಕಿಬೀಳುತ್ತದೆ. ನೀರು ತುಂಬಿ ಹೀಟರ್ ಶುರುವಾಗುವ ಹೊತ್ತಿಗೇ ಮನೆಯ ಕರೆಂಟ್ ಹೋಗುತ್ತದೆ. 60 ಡಿಗ್ರಿಯಲ್ಲಿ ಓಡಿಸಿ ಅಂದಿದ್ದು ಇದಕ್ಕೂ ಸೇರಿಸಿಯೇ. ‘ನಾವು ಬಿಸಿ ನೀರು ಬಳಸುವುದೇ ಇಲ್ಲ, ಯಾವಾಗಲೂ ತಣ್ಣೀರು’ ಅನ್ನುವವರು ಕೆಲವೊಮ್ಮೆ ಟ್ರಿಪ್ ಆಗುತ್ತದೆ ಅಂತಲೇ ಹಾಗೆ ಬಳಸುತ್ತಿರುತ್ತಾರೆ.

ಯಾವ ಮೆಷಿನ್ ತಗೊಂಡರೂ ನಿಮ್ಮ ಬಾಡಿಗೆ ಮನೆಯ 16 ಆಂಪ್ ಪ್ಲಗ್‌ಗೆ ಅರ್ತ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಮೀಟರ್ ಇಡಿಸಿ ನೋಡಿಸಿ. ಫೇಸ್‌ಗೂ ಅರ್ತ್‌ಗೂ ನಡುವೆ 230 ವೋಲ್ಟ್ ಆಸುಪಾಸು ತೋರಿಸಬೇಕು, ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ ಕೆಲವೇ ವೋಲ್ಟ್. ಆ ಸಾಲಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕಿಸೋಕೆ ಮನೆ ಮಾಲೀಕರನ್ನು ಕೇಳಿ. ಇಷ್ಟಾದರೆ ಅತ್ತೆಯವರಿಗೆ ಧೈರ್ಯವಾಗಿ ಹೇಳಬಹುದು.

ಬೆಲೆ ಹೇಗೆ ಕಟ್ಟುವುದು

ಸಿಕ್ಕ ದೋಷಗಳನ್ನು ನಾನು ಎರಡು ಗುಂಪು ಮಾಡುತ್ತೇನೆ. ಬೇರಿಂಗ್, ಸ್ಪೈಡರ್, ಕಡಿದ ವೈರಿಂಗ್, ಟ್ರಿಪ್ ಆಗುವುದು, ಆಗಾಗ ತಾನೇ ಆಫ್ ಆಗುವ ಬೋರ್ಡ್: ಇವು ಇದ್ದರೆ ನಮಸ್ಕಾರ ಹೇಳಿ ಬರುವುದು. ರಬ್ಬರ್, ಶಾಕ್ ಅಬ್ಸಾರ್ಬರ್, ಡ್ರೈನ್ ಪಂಪ್, ನೀರು ಬಿಡುವ ವಾಲ್ವ್, ಬೆಲ್ಟ್: ಇವು ಚೌಕಾಸಿಗೆ.

ಹೋದ ವರ್ಷ ಪರಿಚಯದವರೊಬ್ಬರ ಜೊತೆ ಎರಡು ಮೆಷಿನ್ ನೋಡೋಕೆ ಹೋಗಿದ್ದೆ. ಮೊದಲನೆಯದು ಐದು ವರ್ಷದ್ದು, ಕವರ್ ಹಾಕಿ ಕಾಪಾಡಿದ್ದರು, ಒಂದು ಗೀರಿಲ್ಲ. ಕೇಳಿದ ಬೆಲೆ 11,000. ಕೈಯಲ್ಲಿ ತಿರುಗಿಸಿದರೆ ಪರವಾಗಿಲ್ಲ ಅನ್ನಿಸಿತು. ಒದ್ದೆ ಟವೆಲ್ ಹಾಕಿ ಸ್ಪಿನ್ ಮಾಡಿ, ಇಳಿಯುವಾಗ ಕೇಳಿದರೆ ಸಣ್ಣಗೆ ಗೊರಗೊರ. ಬೆನ್ನು ಬಿಚ್ಚಿದರೆ ಶಾಫ್ಟ್ ಕೆಳಗೆ ಒಂದು ಗೇಣು ಉದ್ದ ತುಕ್ಕಿನ ಗೆರೆ, ಟಬ್ ಬೆಸೆದದ್ದು. ಟಬ್ ಸೆಟ್ ಮತ್ತು ಕೂಲಿ ಸೇರಿ ಹತ್ತು ಸಾವಿರದ ಹತ್ತಿರ ಆಗುತ್ತಿತ್ತು. ಒಟ್ಟು 21,000 ಕೊಟ್ಟು ಐದು ವರ್ಷದ ಬೋರ್ಡ್, ಪಂಪ್, ಹೀಟರ್ ಇರುವ ಮೆಷಿನ್ ತಗೊಂಡ ಹಾಗೆ. ಸ್ವಲ್ಪ ಮೇಲೆ ಹಾಕಿದರೆ ಹೊಸದೇ ಬರುತ್ತದೆ. ಬಿಟ್ಟು ಬಂದೆವು. ಮಾರುವವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ ಅನ್ನಿಸಿತು, ದಿನಾ ಕೇಳುವ ಕಿವಿಗೆ ಆ ಸದ್ದು ಕೇಳಿಸುವುದು ನಿಂತಿರುತ್ತದೆ.

ಎರಡನೆಯದು ನೋಡೋಕೆ ದರಿದ್ರವಾಗಿತ್ತು. ಬಿಸಿಲಿಗೆ ಪ್ಲಾಸ್ಟಿಕ್ ಹಳದಿಯಾಗಿ, ಕೆಳಗಿನ ಅಂಚು ತುಕ್ಕು ಹಿಡಿದು, ರಬ್ಬರ್ ಸೀಳಿತ್ತು. ಒತ್ತಿದರೆ ಟಬ್ ತೂಗಾಡುತ್ತಿತ್ತು. ಆದರೆ ಬೆನ್ನು ಸ್ವಚ್ಛ, ಡ್ರಮ್ ಗಟ್ಟಿ, ಗಾಜು ಬಿಸಿ, ಟಬ್‌ನ ಸುತ್ತ ಸ್ಕ್ರೂ. 8,000 ಅಂದದ್ದನ್ನು ಸೀಳಿದ ರಬ್ಬರ್ ತೋರಿಸಿ 6,500ಕ್ಕೆ ಇಳಿಸಿದೆವು. ರಬ್ಬರ್‌ಗೆ 1,800, ಶಾಕ್ ಅಬ್ಸಾರ್ಬರ್ ಜೋಡಿಗೆ 1,400, ಕೂಲಿ 800, ಗೂಡ್ಸ್ ಆಟೋ 1,000. ಒಟ್ಟು 11,500. ಈಗಲೂ ಓಡುತ್ತಿದೆ.

ಬಿಡಿಭಾಗದ ದರ ಕಂಪನಿ ಮಾಡೆಲ್ ಮೇಲೆ ಹೆಚ್ಚು ಕಡಿಮೆ ಆಗುತ್ತದೆ, ನಿಮ್ಮ ಮಾಡೆಲ್ ನಂಬರ್ ಹೇಳಿ ವಿಚಾರಿಸಿಕೊಳ್ಳಿ. ನನ್ನ ಅಳತೆ ಇಷ್ಟು: ಬೆಲೆ, ಸಾಗಣೆ, ಕೂಡಲೇ ಮಾಡಿಸಬೇಕಾದ ರಿಪೇರಿ ಮೂರೂ ಸೇರಿ ಅಂಥದ್ದೇ ಹೊಸ ಮೆಷಿನ್‌ನ ಅರ್ಧ ಬೆಲೆ ದಾಟಬಾರದು. ನೀವು ನೋಡುತ್ತಿರುವುದು ಎಲ್ಲ ಪರೀಕ್ಷೆಯಲ್ಲೂ ಪಾಸಾದರೆ ನಾನಾದರೆ 7,000ದಿಂದ ಮಾತು ಶುರು ಮಾಡುತ್ತೇನೆ. ಟಬ್ ಬೆಸೆದದ್ದಾಗಿದ್ದರೆ ಅದರ ಮೇಲೆ ಹೋಗುವುದಿಲ್ಲ. ಬಿಚ್ಚುವಂಥದ್ದಾದರೆ 8,000ವರೆಗೆ ಕೊಡಬಹುದು, ಏಕೆಂದರೆ ಮುಂದೆ ಬೇರಿಂಗ್ ಹೋದರೂ ಸಣ್ಣ ಮೊತ್ತದಲ್ಲಿ ಮುಗಿಯುತ್ತದೆ.

ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ತಗೊಳ್ಳುವುದಾ ಅಂತಲೂ ಯೋಚನೆ ಬರಬಹುದು. ಅಂಗಡಿಯವರು ಮೂರು ತಿಂಗಳು, ಆರು ತಿಂಗಳು ಗ್ಯಾರಂಟಿ ಕೊಡುತ್ತಾರೆ, ಅದು ಲಾಭ. ಆದರೆ ಬಣ್ಣ ಹೊಡೆದು, ರಬ್ಬರ್ ಹೊಸದು ಹಾಕಿ ಮುಖ ತೊಳೆದಿರುತ್ತಾರೆ, ಯಾವ ನೀರಲ್ಲಿ ಓಡಿದೆ, ಯಾರು ಬಳಸಿದ್ದು ಅಂತ ಕೇಳೋಕೆ ಯಾರೂ ಇರುವುದಿಲ್ಲ. ಅಲ್ಲಿ ತಗೊಂಡರೆ ಗ್ಯಾರಂಟಿಯಲ್ಲಿ ಬೇರಿಂಗ್ ಮತ್ತು ಬೋರ್ಡ್ ಸೇರಿದೆ ಅಂತ ಬಿಲ್ ಮೇಲೆ ಕೈಬರಹದಲ್ಲಾದರೂ ಬರೆಸಿಕೊಳ್ಳಿ. ಬರೆಯೋಕೆ ಹಿಂದೇಟು ಹಾಕಿದರೆ ಇನ್ನೊಂದು ಅಂಗಡಿ.

ಒಪ್ಪಂದವಾದರೆ ದುಡ್ಡು ಕೊಡುವ ಮುಂಚೆ ಟ್ರಾನ್ಸಿಟ್ ಬೋಲ್ಟ್ ಕೇಳಿ. ಹೊಸ ಮೆಷಿನ್ ಬಂದಾಗ ಬೆನ್ನಲ್ಲಿ ಮೂರೋ ನಾಲ್ಕೋ ಉದ್ದನೆಯ ಬೋಲ್ಟ್ ಇರುತ್ತವೆ, ಟಬ್ ಅಲ್ಲಾಡದ ಹಾಗೆ ಹಿಡಿಯೋಕೆ. ಎಷ್ಟೋ ಮನೆಗಳಲ್ಲಿ ಅವು ಮ್ಯಾನುಯಲ್ ಜೊತೆ ಒಂದು ಕವರ್‌ನಲ್ಲಿ ಬಿದ್ದಿರುತ್ತವೆ. ಅವನ್ನು ಹಾಕದೆ ವೈಟ್‌ಫೀಲ್ಡ್‌ನಿಂದ ಕೆ.ಆರ್. ಪುರದವರೆಗೆ ಗುಂಡಿ ಬಿದ್ದ ರಸ್ತೆಯಲ್ಲಿ ತಂದರೆ ಚೆನ್ನಾಗಿದ್ದ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ದಾರಿಯಲ್ಲೇ ಹೋಗಬಹುದು. ಬೋಲ್ಟ್ ಸಿಗದಿದ್ದರೆ ಮೇಲಿನ ಮುಚ್ಚಳ ತೆಗೆದು, ಟಬ್‌ಗೂ ಬಾಡಿಗೂ ನಡುವೆ ಥರ್ಮಾಕೋಲ್ ಅಥವಾ ಹಳೇ ದಿಂಬು ತುರುಕಿ. ನೀರು ಪೂರ್ತಿ ಬಸಿದು, ಮೆಷಿನ್ ನಿಂತ ಹಾಗೇ ಸಾಗಿಸಿ, ಮಲಗಿಸಬೇಡಿ. ಮನೆಗೆ ತಂದು ಕೂರಿಸಿದ ಮೇಲೆ ಆನ್ ಮಾಡುವ ಮುಂಚೆ ಬೋಲ್ಟ್, ದಿಂಬು ಎಲ್ಲ ತೆಗೆದಿದ್ದೀರಾ ಅಂತ ಎಣಿಸಿ ನೋಡಿ. ಒಂದು ಬೋಲ್ಟ್ ಉಳಿದರೂ ಮೊದಲ ಸ್ಪಿನ್‌ಗೇ ಮೆಷಿನ್ ಯುಟಿಲಿಟಿಯಿಂದ ಅಡುಗೆಮನೆಗೆ ನಡೆದುಕೊಂಡು ಬರುತ್ತದೆ.